ಸಿಂಗಲ್ ಸೈನ್-ಆನ್

ಒಮ್ಮೆ ಲಾಗಿನ್ ಆಗಿ ಹಲವು ಆ್ಯಪ್‌ಗಳನ್ನು ತೆರೆಯುವ ವ್ಯವಸ್ಥೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ‘ಇನ್‌ಫೆಡ್’ ಒಕ್ಕೂಟ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಸದಸ್ಯ ವಿಶ್ವವಿದ್ಯಾಲಯದ ಸಂಶೋಧಕಿ ಯಲ್ಲಾಪುರದ ಚಂದಗುಳಿಯ ಮನೆಯಲ್ಲಿ ಕುಳಿತೇ ವಿಶ್ವವಿದ್ಯಾಲಯ ಚಂದಾ ಕಟ್ಟಿದ ಸಂಶೋಧನಾ ಪತ್ರಿಕೆ ಓದಬಹುದು. ಪ್ರಕಾಶಕರ ಜಾಲತಾಣ ಆಕೆಯನ್ನು ವಿಶ್ವವಿದ್ಯಾಲಯದ ಲಾಗಿನ್ ಪುಟಕ್ಕೆ ಕಳಿಸುತ್ತದೆ. ಪಾಸ್‌ವರ್ಡ್ ಅಲ್ಲೇ ಉಳಿಯುತ್ತದೆ. ಪ್ರಕಾಶಕರಿಗೆ ಹೋಗುವುದು ಡಿಜಿಟಲ್ ಸಹಿಯಿರುವ ದೃಢೀಕರಣ ಮಾತ್ರ.

ಇದಕ್ಕಾಗಿ ಆಡಳಿತಗಾರರು ಎರಡೂ ಕಡೆಯ ಗುರುತು, ದೃಢೀಕರಣ ತಲುಪಬೇಕಾದ ವಿಳಾಸ, ಸಹಿ ಪರೀಕ್ಷಿಸುವ ಪ್ರಮಾಣಪತ್ರ, ಕಳಿಸಬೇಕಾದ ವಿವರಗಳನ್ನು ಹೊಂದಿಸಬೇಕು. ಹೆಸರು ಬೇಡದ ಕಡೆ ‘ಸದಸ್ಯೆ’ ಎಂದಷ್ಟೇ ತಿಳಿಸುವುದು ಸರಿ. ದೃಢೀಕರಣದ ಆಯುಸ್ಸು ಸಾಮಾನ್ಯವಾಗಿ ಕೆಲವೇ ನಿಮಿಷ. ಸರ್ವರ್ ಗಡಿಯಾರ ತಪ್ಪಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಪ್ರವೇಶ ಸಿಗದು. ಒಬ್ಬರಿಗಲ್ಲ, ಎಲ್ಲರಿಗೂ ಒಮ್ಮೆಲೇ ತಡೆಯಾದರೆ ಮೊದಲು ನೋಡಬೇಕಾದದ್ದು ಗಡಿಯಾರ ಮತ್ತು ಪ್ರಮಾಣಪತ್ರದ ಅವಧಿ.