ಉಪ್ಪಿನ ಎರಡು ದಾರಿಗಳು

ಅಣಶಿ ಘಟ್ಟವು ಕೆಳಗಣ ಕದ್ರಾ ಸೀಮೆಯಿಂದ ಮೇಲಣ ಸೂಪಾ ಸೀಮೆಗೆ ಏರುವ ದಾರಿ. ಗಾಡಿರಸ್ತೆಗಳು ಆಗುವುದಕ್ಕೆ ಮುಂಚೆ ಇಂಥ ಘಟ್ಟಗಳಲ್ಲಿ ಕರಾವಳಿಯ ಉಪ್ಪು ಹೇರೆತ್ತುಗಳ ಬೆನ್ನಮೇಲೆ ಬಯಲುಸೀಮೆಯನ್ನು ಸೇರುತ್ತಿದ್ದಿತು. ಮಳೆಗಾಲದಲ್ಲಿ ಹಳ್ಳಗಳು ಉಕ್ಕುವುವು, ಗೋಣಿಯಲ್ಲಿನ ಉಪ್ಪು ಕರಗುವುದು; ಆದಕಾರಣ ವರ್ತಕನು ಮಳೆ ನಿಲ್ಲುವುದನ್ನೇ ಕಾದಿರಬೇಕಾಗಿತ್ತು. ಅವನಿಗೆ ನೀರೇ ವೈರಿ. ನೀರಿಲ್ಲದಿರುವುದೇ ವೈರಿಯಾದ ಮತ್ತೊಂದು ಉಪ್ಪಿನ ದಾರಿಯನ್ನು ಈಗ ನಾವು ನೋಡೋಣ. ಅದನ್ನು ವರ್ಣಿಸಿದವನು ನಮ್ಮ ಹೊನ್ನಾವರವನ್ನೂ ಕಂಡಿದ್ದ ಇಬ್ನ್ ಬತೂತನು.

1352ರ ಫೆಬ್ರವರಿಯಲ್ಲಿ ಅವನು ಮೊರಾಕೋ ದೇಶದ ಸಿಜಿಲ್ಮಾಸಾದಿಂದ ವರ್ತಕರ ಸಾರ್ಥದೊಡನೆ ಹೊರಟನು. ಒಂಟೆಗಳಿಗೆ ನಾಲ್ಕು ತಿಂಗಳ ಮೇವನ್ನು ಮೊದಲೇ ಕೊಂಡಿದ್ದನು. ಇಪ್ಪತ್ತೈದು ದಿನಗಳ ಮೇಲೆ ತಘಾಜಾ ಎಂಬ ಊರು ಸಿಕ್ಕಿತು. ಅಲ್ಲಿ ಮರವಿಲ್ಲ, ಮರಳು ಮತ್ತು ಉಪ್ಪಿನ ಗಣಿ ಮಾತ್ರ. ಮನೆಗಳ ಗೋಡೆ, ಮಸೀದಿಯ ಗೋಡೆ, ಎಲ್ಲವೂ ಉಪ್ಪಿನ ಹಲಗೆಗಳಿಂದ ಕಟ್ಟಿದವು; ಮಾಡಿಗೆ ಒಂಟೆಯ ತೊಗಲು.

ಅಂಥ ಗೋಡೆ ಅಣಶಿಯಲ್ಲಿ ಒಂದು ಮಳೆಗಾಲವನ್ನೂ ಕಳೆಯಲಾರದು. ತಘಾಜಾದಲ್ಲಿ ನಿಂತಿತೇಕೆ? ಸಮಭಾಜಕ ವೃತ್ತದ ಬಳಿ ಮೇಲೇರಿದ ಗಾಳಿಯು ತನ್ನ ತೇವವನ್ನು ಅಲ್ಲಿಯೇ ಮಳೆಯಾಗಿ ಸುರಿಸಿ, ಕರ್ಕಾಟಕ ವೃತ್ತದ ಸುತ್ತುಮುತ್ತ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗುತ್ತದೆ. ಬಿಸಿಯಾದ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಅಣಶಿಯಲ್ಲಾದರೋ ಕಡಲಗಾಳಿಯು ಬೆಟ್ಟದ ಗೋಡೆಗೆ ತಾಗಿ ಮೇಲೇರಿ ತಣ್ಣಗಾಗುತ್ತದೆ. ಏರಿದ ಗಾಳಿ ಮಳೆ ಕೊಟ್ಟಿತು, ಇಳಿದ ಗಾಳಿ ಮರುಭೂಮಿಯನ್ನು ಮಾಡಿತು.

ತಘಾಜಾದಿಂದ ಮುಂದಿನ ಹತ್ತು ದಿನಗಳ ದಾರಿಯಲ್ಲಿ ಸಾಮಾನ್ಯವಾಗಿ ನೀರು ದೊರೆಯದು. ಆ ವರ್ಷ ಅಪರೂಪವಾಗಿ ಮಳೆ ಬಿದ್ದು, ಎರಡು ಕಲ್ಲುಗುಡ್ಡಗಳ ನಡುವೆ ಸಿಹಿನೀರು ನಿಂತಿತ್ತು. ಮರುಭೂಮಿಯೆಂದರೆ ಮಳೆಯೇ ಇಲ್ಲದ ನೆಲವಲ್ಲ, ಮಳೆಯನ್ನು ನಂಬಲಾಗದ ನೆಲ. ತಾಸರಹ್ಲಾ ಎಂಬ ನೆಲೆಯಲ್ಲಿ ಸಾರ್ಥವು ಮೂರು ದಿನ ತಂಗಿ, ನೀರಿನ ತೊಗಲುಚೀಲಗಳನ್ನು ದುರಸ್ತು ಮಾಡಿ ತುಂಬಿಸಿ, ಅವುಗಳಿಗೆ ಗೋಣಿಬಟ್ಟೆಯ ಹೊದಿಕೆ ಹೊಲಿಯುತ್ತಿತ್ತು. ಒಣಗಾಳಿಯು ತೊಗಲಿನ ಮೂಲಕವೇ ನೀರನ್ನು ಹೀರಿಬಿಡುತ್ತಿದ್ದಿತು.

ಅಲ್ಲಿಂದ 'ತಕ್ಷೀಫ್' ಎಂಬ ದೂತನೊಬ್ಬನನ್ನು ಮುಂದಾಗಿ ವಲಾತಾ ಪಟ್ಟಣಕ್ಕೆ ಕಳುಹಿಸುವರು. ಅವನು ಸುದ್ದಿ ಮುಟ್ಟಿಸಿದರೆ ಪಟ್ಟಣದವರು ನೀರು ಹೊತ್ತು ನಾಲ್ಕು ರಾತ್ರಿಗಳ ಪಯಣದಷ್ಟು ಎದುರಿಗೆ ಬರುವರು. ಮರಳಿನಲ್ಲಿ ದಾರಿಯ ಗುರುತು ಉಳಿಯುವುದಿಲ್ಲ. ಗಾಳಿ ಇಂದಿನ ದಿಣ್ಣೆಯನ್ನು ನಾಳೆ ಸರಿಸುತ್ತದೆ. ದೂತನು ದಾರಿ ತಪ್ಪಿ ಸತ್ತರೆ ಹಿಂದಿನವರಲ್ಲಿಯೂ ಬಹುಮಂದಿ ಸಾಯುತ್ತಿದ್ದರು. ಆ ಸಲದ ದೂತನಿಗೆ ಒಂದು ಕಣ್ಣಿಲ್ಲ, ಇನ್ನೊಂದರಲ್ಲಿ ರೋಗ. ಆದರೂ ದಾರಿಯನ್ನು ಅವನಷ್ಟು ಬಲ್ಲವರಿರಲಿಲ್ಲ. ಅವನ ಕೂಲಿ ನೂರು ಮಿತ್ಕಾಲ್ ಚಿನ್ನ. ಮುಂದೆ ಸಾರ್ಥವು ಹಗಲಿನ ಉರಿಯನ್ನು ತಪ್ಪಿಸಿ, ಇಳಿಹೊತ್ತಿಗೆ ಹೊರಟು ಇರುಳೆಲ್ಲ ನಡೆಯಿತು. ಹೊರಟ ಎರಡು ತಿಂಗಳಿಗೆ ವಲಾತಾ ಬಂದಿತು.

ಒಂಟೆಯೊಂದು ಎರಡು ಹಲಗೆ ಉಪ್ಪನ್ನು ಹೊರುತ್ತಿತ್ತು. ಒಂದು ಹೇರಿನ ಬೆಲೆ ವಲಾತಾದಲ್ಲಿ ಎಂಟರಿಂದ ಹತ್ತು ಮಿತ್ಕಾಲ್. ಇನ್ನೂ ತೆಂಕಣ ಮಾಲಿಯ ರಾಜಧಾನಿಯಲ್ಲಿ ಇಪ್ಪತ್ತರಿಂದ ಮೂವತ್ತು, ಕೆಲವೊಮ್ಮೆ ನಲವತ್ತು. ತಘಾಜಾದಲ್ಲಿ ಗೋಡೆಯ ಕಲ್ಲಾಗಿದ್ದ ವಸ್ತುವಿಗೆ ಆ ಬೆಲೆಯನ್ನು ಕಟ್ಟಿದುದು ನಡುವಣ ನೀರಿಲ್ಲದ ನೆಲವೇ.