ಇಳಿಯಲೊಲ್ಲದ ಕೂಲಿ

1925ರ ಏಪ್ರಿಲ್ 28ರಂದು ಬ್ರಿಟನ್ನಿನ ಹಣಕಾಸು ಮಂತ್ರಿ ವಿನ್‌ಸ್ಟನ್ ಚರ್ಚಿಲ್, ಪೌಂಡು ಮತ್ತೆ ಚಿನ್ನದ ಆಧಾರಕ್ಕೆ ಮರಳುತ್ತದೆಂದು ಸಾರಿದರು. ದರ ಯುದ್ಧಕ್ಕೆ ಮುಂಚಿನದೇ: ಪೌಂಡಿಗೆ 4.86 ಡಾಲರು. ಹಿಂದಿನ ವರ್ಷ ಅದು 4.40ರ ಆಸುಪಾಸಿನಲ್ಲಿತ್ತು.

ಇದು ಕಲ್ಲಿದ್ದಲು ಗಣಿಗೆ ಏನು ಮಾಡಿತೆಂದು ಒಂದು ಲೆಕ್ಕ ಹಾಕಿ ನೋಡೋಣ. ಟನ್ ಕಲ್ಲಿದ್ದಲು ವಿದೇಶದಲ್ಲಿ 4.40 ಡಾಲರಿಗೆ ಮಾರಾಟವಾಗುತ್ತಿತ್ತು ಎನ್ನಿ. ಹಳೆಯ ದರದಲ್ಲಿ ಗಣಿ ಮಾಲೀಕನ ಕೈಗೆ ಒಂದು ಪೌಂಡು, ಅಂದರೆ 20 ಶಿಲಿಂಗ್ ಬರುತ್ತಿತ್ತು. ಹೊಸ ದರದಲ್ಲಿ ಅದೇ ಡಾಲರುಗಳಿಗೆ ಸಿಗುವುದು 18 ಶಿಲಿಂಗ್ ಚಿಲ್ಲರೆ. ಗಣಿಯ ಖರ್ಚಿನಲ್ಲಿ ಬಹುಪಾಲು ಕೂಲಿಯೇ. ಆದ್ದರಿಂದ ಮಾಲೀಕರು ಕೂಲಿ ಇಳಿಸಲು ಹೊರಟರು.

ಕಾರ್ಮಿಕರು ಒಪ್ಪಲಿಲ್ಲ. ಅದು ಬರೀ ಹಟವಲ್ಲ ಎಂಬುದನ್ನು ಆ ಬೇಸಿಗೆಯಲ್ಲೇ ಅರ್ಥಶಾಸ್ತ್ರಜ್ಞ ಕೇನ್ಸ್ ಒಂದು ಕಿರುಪುಸ್ತಕದಲ್ಲಿ ವಿವರಿಸಿದರು. ದೇಶದ ಎಲ್ಲ ಕೂಲಿ, ಬಾಡಿಗೆ, ಬೆಲೆಗಳು ಒಂದೇ ದಿನ ಹತ್ತರಲ್ಲೊಂದು ಪಾಲು ಇಳಿದರೆ ಯಾರಿಗೂ ಹೆಚ್ಚು ನಷ್ಟವಿಲ್ಲ. ಆದರೆ ಹಾಗೆ ಇಳಿಸುವ ಕೈ ಎಲ್ಲಿದೆ? ಗಣಿಯವನು ಇಂದು ಒಪ್ಪಿದರೆ ಅವನ ಮನೆ ಬಾಡಿಗೆ ಹಾಗೇ ಇರುತ್ತದೆ, ರೈಲ್ವೆಯವನ ಸಂಬಳವೂ ಹಾಗೇ ಇರುತ್ತದೆ. ಮೊದಲು ತಲೆ ಬಾಗಿಸಿದವನೇ ಬಡವ. ನನ್ನ ಮಟ್ಟಿಗೆ ಇಡೀ ವಾದದ ತಿರುಳು ಇದೇ: ಪ್ರತಿಯೊಬ್ಬನೂ ಕಾಯುವುದು ತನ್ನ ಕೂಲಿಯನ್ನಷ್ಟೇ ಅಲ್ಲ, ಪಕ್ಕದವನ ಸಾಲಿನಲ್ಲಿ ತನಗಿರುವ ಜಾಗವನ್ನು.

ಹಾಗೆಂದು ಕೂಲಿ ಎಂದೂ ಇಳಿಯುವುದಿಲ್ಲವೆಂದಲ್ಲ. 1921–22ರಲ್ಲಿ ಬ್ರಿಟನ್ನಿನಲ್ಲಿ ಅದು ರಭಸವಾಗಿಯೇ ಕುಸಿದಿತ್ತು. ಆಗ ಬೆಲೆಗಳೂ ಜೊತೆಗೇ ಬೀಳುತ್ತಿದ್ದವು. ಎಷ್ಟೋ ಉದ್ಯಮಗಳ ಒಪ್ಪಂದದಲ್ಲಿ ಜೀವನವೆಚ್ಚ ಇಳಿದಂತೆ ಕೂಲಿಯೂ ಇಳಿಯಬೇಕೆಂಬ ಕರಾರಿತ್ತು. 1925ರಲ್ಲಿ ಅಂಥ ಜೊತೆ ಇರಲಿಲ್ಲ.

ಸರ್ಕಾರ ಒಂಬತ್ತು ತಿಂಗಳು ಸಹಾಯಧನ ಕೊಟ್ಟು ಕಾಲ ತಳ್ಳಿತು. ಅದು ಮುಗಿದೊಡನೆ, 1926ರ ಮೇ ತಿಂಗಳಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಗಣಿ ಕಾರ್ಮಿಕರಿಗೆ ಗೇಟು ಮುಚ್ಚಿತು. ಅವರ ಬೆಂಬಲಕ್ಕೆ ನಡೆದ ಸಾರ್ವತ್ರಿಕ ಮುಷ್ಕರ ಒಂಬತ್ತು ದಿನಕ್ಕೆ ಮುಗಿಯಿತು. ಗಣಿಯವರು ಮಾತ್ರ ಚಳಿಗಾಲದ ತನಕ ಹಸಿದು ನಿಂತು, ಕೊನೆಗೆ ಕಡಿಮೆ ಕೂಲಿಗೆ, ಹೆಚ್ಚು ಗಂಟೆಯ ದುಡಿಮೆಗೆ ಮರಳಿದರು. ಒಂದು ಉದ್ಯಮದಲ್ಲಿ ಕೂಲಿ ಇಳಿಸಲು ಇಷ್ಟು ಬೆಲೆ! ಬೇರೆ ಕಡೆ 1929ರವರೆಗೂ ಕೂಲಿ ಹೆಚ್ಚೇನೂ ಕದಲಲಿಲ್ಲ. ಕದಲಿದ್ದು ಕೆಲಸಗಳು, ವಿಮೆ ಮಾಡಿಸಿದ್ದ ಕಾರ್ಮಿಕರಲ್ಲಿ ಸುಮಾರು ಹತ್ತಕ್ಕೊಬ್ಬರು ನಿರುದ್ಯೋಗಿಗಳಾಗೇ ಉಳಿದರು.

1931ರ ಸೆಪ್ಟೆಂಬರಿನಲ್ಲಿ ಸರ್ಕಾರ ತನ್ನ ನೌಕರರ ಸಂಬಳಕ್ಕೇ ಕತ್ತರಿ ಹಾಕಿತು. ಹಳೆಯ ದರದಲ್ಲಿದ್ದ ನಾವಿಕರ ದಿನದ 4 ಶಿಲಿಂಗ್ 3ಕ್ಕೆ ಇಳಿಯಿತು. ಅಧಿಕಾರಿಗಳು ಕಳೆದುಕೊಂಡದ್ದು ಅದಕ್ಕಿಂತ ಬಹಳ ಚಿಕ್ಕ ಪಾಲು. ಇನ್ವರ್‌ಗಾರ್ಡನ್ನಿನಲ್ಲಿ ನಾವಿಕರು ಹಡಗು ಹೊರಡಿಸಲು ನಿರಾಕರಿಸಿದರು. ಅದಾಗಿ ಒಂದು ವಾರದೊಳಗೆ ಬ್ರಿಟನ್ ಚಿನ್ನವನ್ನು ಬಿಟ್ಟಿತು. ವರ್ಷ ಮುಗಿಯುವ ಮುನ್ನ ಪೌಂಡು 3.50 ಡಾಲರಿಗಿಂತ ಕೆಳಗಿಳಿದಿತ್ತು. ಡಾಲರಿನ ಲೆಕ್ಕದಲ್ಲಿ ದೇಶದ ಎಲ್ಲರ ಕೂಲಿಯೂ ಒಟ್ಟಿಗೇ ಇಳಿಯಿತು. ಅದಕ್ಕಾಗಿ ಯಾವ ಗಣಿಯ ಗೇಟನ್ನೂ ಮುಚ್ಚಬೇಕಾಗಲಿಲ್ಲ.