ನೋವು ಹೋದರೆ ಎಚ್. ಪೈಲೋರಿ ಹೋಯಿತು ಎಂದಲ್ಲ: 14 ದಿನದ ಮಾತ್ರೆ ಅರ್ಧಕ್ಕೆ ಬಿಡಬಾರದೇಕೆ?

"ಗ್ಯಾಸ್ಟ್ರಿಕ್‌ಗೆ ಇಷ್ಟೊಂದು ಆ್ಯಂಟಿಬಯೋಟಿಕ್ ಬೇಕಿಲ್ಲ, ಉರಿ ಕಡಿಮೆಯಾದರೆ ನಿಲ್ಲಿಸಿ" ಎಂಬ ಸಲಹೆ ವಾಟ್ಸಾಪ್‌ನಲ್ಲಷ್ಟೇ ಅಲ್ಲ, ಮನೆಮನೆಯಲ್ಲೂ ಕೇಳಿಬರುತ್ತದೆ. ಹೊಟ್ಟೆ ಹುಣ್ಣಿಗೆ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ ಎಂದು ಪರೀಕ್ಷೆಯಲ್ಲಿ ತಿಳಿದಿದ್ದರೆ, ಈ ಸಲಹೆ ತಪ್ಪು.

ಒಂದು ಉದಾಹರಣೆ ನೋಡೋಣ. ಕುಷ್ಟಗಿಯ ಒಬ್ಬರಿಗೆ ತಿಂಗಳುಗಟ್ಟಲೆ ಹೊಟ್ಟೆ ಉರಿ. ಮಿರ್ಚಿ ಭಜಿ ಬಿಟ್ಟರೂ ಕಡಿಮೆಯಾಗಲಿಲ್ಲ. ಕೊಪ್ಪಳದಲ್ಲಿ ಎಂಡೋಸ್ಕೋಪಿ ಮಾಡಿಸಿದಾಗ ಹುಣ್ಣು ಕಂಡಿತು, ಬಯಾಪ್ಸಿಯಲ್ಲಿ ಎಚ್. ಪೈಲೋರಿ ಸಿಕ್ಕಿತು. ವೈದ್ಯರು 14 ದಿನಕ್ಕೆ ಮಾತ್ರೆ ಬರೆದರು: ಆಸಿಡ್ ತಗ್ಗಿಸುವ ಒಂದು ಮಾತ್ರೆ, ಜೊತೆಗೆ ಅಮಾಕ್ಸಿಸಿಲಿನ್ ಮತ್ತು ಕ್ಲಾರಿಥ್ರೋಮೈಸಿನ್ ಎಂಬ ಎರಡು ಆ್ಯಂಟಿಬಯೋಟಿಕ್. ಐದನೇ ದಿನಕ್ಕೆ ಉರಿ ಮಾಯ. ಬಾಯಿ ಕಹಿಯಾಗುತ್ತಿತ್ತು, ಭೇದಿಯೂ ಶುರುವಾಗಿತ್ತು. ಅವರು ಮಾತ್ರೆ ಬಿಟ್ಟರು.

ಉರಿ ಹೋಗಿದ್ದು ಮುಖ್ಯವಾಗಿ ಆಸಿಡ್ ಮಾತ್ರೆಯಿಂದ. ಹೊಟ್ಟೆಯಲ್ಲಿ ಆಸಿಡ್ ಕಡಿಮೆಯಾದರೆ ಬ್ಯಾಕ್ಟೀರಿಯಾ ಇನ್ನೂ ಇದ್ದಾಗಲೇ ಹುಣ್ಣಿನ ನೋವು ಇಳಿಯುತ್ತದೆ. ಹಾಗಾಗಿ ನೋವಿಲ್ಲ ಎನ್ನುವುದು ಸೋಂಕು ಹೋಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಅದನ್ನು ಕೊಲ್ಲಲು ಎರಡು ವಾರ ಯಾಕೆ ಬೇಕು? ಉತ್ತರ ಈ ಬ್ಯಾಕ್ಟೀರಿಯಾದ ಸ್ವಭಾವದಲ್ಲಿದೆ. ಇದು ಹೊಟ್ಟೆಯ ಒಳಗೋಡೆಯ ಮೇಲಿನ ಲೋಳೆಯಲ್ಲಿ ಅಡಗಿರುತ್ತದೆ, ಬೆಳೆಯುವುದೂ ನಿಧಾನ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಯತ್ನಿಸಿದಾಗ, ಎರಡು ದಿನ ಕಾದು ಏನೂ ಬೆಳೆಯಲಿಲ್ಲವೆಂದು ತಟ್ಟೆಗಳನ್ನು ಎಸೆಯಲಾಗುತ್ತಿತ್ತು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಹೆಚ್ಚು ದಿನ ಹಾಗೇ ಉಳಿದವು. ಆಗ ಬ್ಯಾಕ್ಟೀರಿಯಾ ಬೆಳೆದಿತ್ತು. ಈ ಶೋಧಕ್ಕೆ ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಅಮಾಕ್ಸಿಸಿಲಿನ್ ಕೊಲ್ಲುವುದು ಬ್ಯಾಕ್ಟೀರಿಯಾ ಎರಡಾಗಿ ಒಡೆದು ಬೆಳೆಯುತ್ತಿರುವಾಗ. ಆಸಿಡ್ ಹೆಚ್ಚಿದ್ದರೆ ಇವು ಬೆಳೆಯದೆ ಸುಮ್ಮನಿರುತ್ತವೆ. ಆಸಿಡ್ ಮಾತ್ರೆ ಇವನ್ನು ಬೆಳೆಯುವ ಸ್ಥಿತಿಗೆ ತರುತ್ತದೆ, ಆ್ಯಂಟಿಬಯೋಟಿಕ್ ಆಗ ಕೊಲ್ಲುತ್ತದೆ. ಅಂದರೆ ಆಸಿಡ್ ಮಾತ್ರೆಯೂ ಚಿಕಿತ್ಸೆಯ ಭಾಗವೇ, ಅದನ್ನೂ ಬಿಡುವಂತಿಲ್ಲ.

ಒಂದೇ ಆ್ಯಂಟಿಬಯೋಟಿಕ್ ಸಾಲದೇ? ಲೆಕ್ಕ ಸುಲಭವಾಗಲೆಂದು, ಕೋಟಿ ಬ್ಯಾಕ್ಟೀರಿಯಾಗಳಲ್ಲಿ ಒಂದಕ್ಕೆ ಮೊದಲನೇ ಔಷಧಿ ತಟ್ಟುವುದಿಲ್ಲ ಎಂದುಕೊಳ್ಳಿ. ಎರಡನೇ ಔಷಧಿ ತಟ್ಟದಿರುವುದೂ ಕೋಟಿಗೊಂದು. ಎರಡೂ ತಟ್ಟದ ಬ್ಯಾಕ್ಟೀರಿಯಾ ಸಿಗಬೇಕಾದರೆ ಕೋಟಿ ಕೋಟಿಯಲ್ಲಿ ಒಂದು. ಮೊದಲನೆಯದರಿಂದ ತಪ್ಪಿಸಿಕೊಂಡದ್ದನ್ನು ಎರಡನೆಯದು ಹಿಡಿಯುತ್ತದೆ. ಐದೇ ದಿನಕ್ಕೆ ಮಾತ್ರೆ ಬಿಟ್ಟರೆ ಉಳಿದುಕೊಂಡವು ಮತ್ತೆ ಬೆಳೆಯುತ್ತವೆ. ಅವುಗಳಲ್ಲಿ ಕ್ಲಾರಿಥ್ರೋಮೈಸಿನ್ ತಟ್ಟದವು ಇದ್ದರೆ, ಮುಂದಿನ ಬಾರಿ ಆ ಔಷಧಿ ಕೆಲಸಕ್ಕೆ ಬರುವುದಿಲ್ಲ. ಆಗ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೋನಿಡಜೋಲ್ ಮತ್ತು ಆಸಿಡ್ ಮಾತ್ರೆ, ಹೀಗೆ ನಾಲ್ಕು ಔಷಧಿಗಳನ್ನು ನುಂಗಬೇಕಾಗಬಹುದು. ಕೆಲವು ವೈದ್ಯರು ಮೊದಲೇ ಇದನ್ನು ಬರೆಯುವುದೂ ಇದೆ.

ಬಾಯಿ ಕಹಿ, ಸಣ್ಣ ಭೇದಿ ಈ ಮಾತ್ರೆಗಳ ಸಾಮಾನ್ಯ ಅಡ್ಡ ಪರಿಣಾಮ. ಬಿಸ್ಮತ್ ಇದ್ದರೆ ಮಲ ಕಪ್ಪಾಗುತ್ತದೆ, ಅದಕ್ಕೆ ಗಾಬರಿ ಬೇಡ. ತೊಂದರೆ ಹೆಚ್ಚಾದರೆ ಮಾತ್ರೆ ಬಿಡುವ ಮೊದಲು ವೈದ್ಯರನ್ನು ಕೇಳಿ. ಆದರೆ ಮೈಯೆಲ್ಲ ದದ್ದು, ಮುಖ ಊತ, ಉಸಿರಾಟದ ತೊಂದರೆ ಬಂದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ. ಡಾಂಬರಿನಂತೆ ಅಂಟಂಟಾದ, ಕೆಟ್ಟ ವಾಸನೆಯ ಕಪ್ಪು ಮಲ ಅಥವಾ ರಕ್ತವಾಂತಿಯಾದರೆ ಹುಣ್ಣಿನಿಂದ ರಕ್ತ ಸೋರುತ್ತಿರಬಹುದು; ಆಗಲೂ ತಡಮಾಡಬೇಡಿ. ಪೆನಿಸಿಲಿನ್ ಅಲರ್ಜಿ ಇದ್ದವರು ಮೊದಲೇ ಹೇಳಬೇಕು.

ಇಡೀ ಕೋರ್ಸ್ ಮುಗಿಸಿದರೂ ಕೆಲವರಲ್ಲಿ ಸೋಂಕು ಉಳಿಯುತ್ತದೆ, ಏಕೆಂದರೆ ಅವರ ಹೊಟ್ಟೆಯ ಬ್ಯಾಕ್ಟೀರಿಯಾಗೆ ಆ ಔಷಧಿ ಮೊದಲಿನಿಂದಲೇ ತಟ್ಟುವುದಿಲ್ಲ. ಆದ್ದರಿಂದ ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರದ ನಂತರ ಮತ್ತೊಮ್ಮೆ ಪರೀಕ್ಷೆ ಬೇಕು. ಉಸಿರಿನ ಪರೀಕ್ಷೆ ಅಥವಾ ಮಲದ ಆ್ಯಂಟಿಜೆನ್ ಪರೀಕ್ಷೆ ಸಾಕು. ಅದಕ್ಕೂ ಎರಡು ವಾರ ಮೊದಲು ಆಸಿಡ್ ಮಾತ್ರೆಯನ್ನು ವೈದ್ಯರನ್ನು ಕೇಳಿ ನಿಲ್ಲಿಸಬೇಕು, ಇಲ್ಲದಿದ್ದರೆ ಸೋಂಕು ಇದ್ದರೂ ನೆಗೆಟಿವ್ ಬರಬಹುದು. ರಕ್ತ ಪರೀಕ್ಷೆ ಇಲ್ಲಿ ಉಪಯೋಗವಿಲ್ಲ, ಸೋಂಕು ಹೋದ ಮೇಲೂ ಅದು ಬಹಳ ಕಾಲ ಪಾಸಿಟಿವ್ ತೋರಿಸುತ್ತದೆ.

ಗಂಗಾವತಿ, ಯಲಬುರ್ಗಾದಂಥ ಊರಿನವರು ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅದೇ ಮಾತ್ರೆ ಮತ್ತೆ ತರುವುದಕ್ಕಿಂತ, ಆ ಚೀಟಿಯನ್ನು ವೈದ್ಯರಿಗೆ ತೋರಿಸುವುದು ಒಳ್ಳೆಯದು. ಹಿಂದೆ ಯಾವ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದೀರಿ, ಎಷ್ಟು ದಿನ ತೆಗೆದುಕೊಂಡಿರಿ ಎಂಬುದನ್ನು ನೋಡಿಯೇ ಅವರು ಮುಂದಿನ ಔಷಧಿ ಆರಿಸುತ್ತಾರೆ.